ತುದಿಗಾಲಲ್ಲಿ ನಡೆಯುವ ಮಗು: ಸ್ಟ್ರೆಚಿಂಗ್ ಯಾವುದಕ್ಕೆ, ಸ್ಪ್ಲಿಂಟ್ ಯಾವುದಕ್ಕೆ?

ಪ್ರಶ್ನೆ: ನನ್ನ ಮಗನಿಗೆ 5 ವರ್ಷ. 30 ವಾರಕ್ಕೇ ಹುಟ್ಟಿದ, ತುಂಬಾ ದಿನ ಎನ್‌ಐಸಿಯುನಲ್ಲಿದ್ದ. ಎರಡೂ ಕಾಲಿಗೆ ಸೆರೆಬ್ರಲ್ ಪಾಲ್ಸಿ ಅಂತ ಹೇಳಿದ್ದಾರೆ. ವಾಕರ್ ಹಿಡಿದು ತುದಿಗಾಲಲ್ಲಿ ನಡೆಯುತ್ತಾನೆ. ಕಾಲು ಬಿಗಿ, ನಿದ್ದೆಯಲ್ಲಿ ಮಾತ್ರ ಸ್ವಲ್ಪ ಮೆತ್ತಗಾಗುತ್ತೆ. ಮಂಡಿ ಮಡಚಿದ್ರೆ ಪಾದ ಮೇಲಕ್ಕೆ ಬರುತ್ತೆ, ಕಾಲು ನೆಟ್ಟಗಿಟ್ರೆ ಬರಲ್ಲ. ದಿನಾ ಎಣ್ಣೆ ಹಚ್ಚಿ ಎಳೀತೀನಿ, ಅಳುತ್ತಾನೆ. ಸ್ಪ್ಲಿಂಟ್ ಹಾಕಿದ್ರೆ ಕೆಂಪಾಗುತ್ತೆ, ಹಿಮ್ಮಡಿ ಅದರೊಳಗೇ ಎದ್ದು ನಿಲ್ಲುತ್ತೆ. ಸಂಬಂಧಿಕರು ಹಿಮ್ಮಡಿ ನರ ಉದ್ದ ಮಾಡೋ ಆಪರೇಷನ್ ಮಾಡಿಸಿಬಿಡಿ ಅಂತಿದ್ದಾರೆ. ಇಷ್ಟು ವರ್ಷ ಎಳೆದರೂ ಬಿಗಿ ಯಾಕೆ ಹೋಗಿಲ್ಲ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಮಾತು ನನಗೆ ತುಂಬಾ ಉಪಯೋಗಕ್ಕೆ ಬಂದವು. ಒಂದು, ನಿದ್ದೆಯಲ್ಲಿ ಕಾಲು ಸ್ವಲ್ಪ ಮೆತ್ತಗಾಗುತ್ತದೆ. ಇನ್ನೊಂದು, ಮಂಡಿ ಮಡಚಿದರೆ ಪಾದ ಮೇಲಕ್ಕೆ ಬರುತ್ತದೆ. ಇಷ್ಟರಿಂದಲೇ ಅವನ ಕಾಲಿನಲ್ಲಿ ಏನಾಗಿದೆ ಎಂದು ಸುಮಾರಾಗಿ ಊಹಿಸಬಹುದು. ಅದನ್ನು ಮೊದಲು ಹೇಳುತ್ತೇನೆ. ಯಾಕೆಂದರೆ ಸ್ಟ್ರೆಚಿಂಗ್, ಸ್ಪ್ಲಿಂಟ್, ಆಪರೇಷನ್ ಎಲ್ಲವೂ ಅದರ ಮೇಲೆಯೇ ನಿಂತಿವೆ.

ನಾವು ‘ಬಿಗಿ’ ಎಂದು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಮೊದಲನೆಯದು ಮೆದುಳಿನಿಂದ ಬರುವ ಬಿಗಿ. ಸೆರೆಬ್ರಲ್ ಪಾಲ್ಸಿ ಎಂದರೆ ಬೆಳೆಯುತ್ತಿರುವ ಮೆದುಳಿಗೆ ಪೆಟ್ಟಾಗಿ ಚಲನೆಯಲ್ಲಿ ಬರುವ ತೊಂದರೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಮೆದುಳಿನ ನಡುವಿನ ಭಾಗಕ್ಕೆ ಪೆಟ್ಟಾಗುವುದು ಜಾಸ್ತಿ. ಕಾಲುಗಳಿಗೆ ಹೋಗುವ ನರದ ಎಳೆಗಳು ಅಲ್ಲಿಂದಲೇ ಹಾದುಹೋಗುತ್ತವೆ. ಅದಕ್ಕೇ ಇಂಥ ಮಕ್ಕಳಲ್ಲಿ ಕೈಗಿಂತ ಕಾಲಿಗೆ ತೊಂದರೆ ಹೆಚ್ಚು. ಸ್ನಾಯುವನ್ನು ಎಳೆದಾಗ ಅದು ತಾನಾಗಿ ಮುದುಡಿಕೊಳ್ಳುವುದು ಎಲ್ಲರ ದೇಹದಲ್ಲೂ ಇರುವ ಗುಣ. ಅದು ಮಿತಿ ಮೀರದಂತೆ ಮೆದುಳು ಹಿಡಿತದಲ್ಲಿ ಇಟ್ಟಿರುತ್ತದೆ. ನಿಮ್ಮ ಮಗನಲ್ಲಿ ಆ ಹಿಡಿತ ಸಡಿಲವಾಗಿದೆ. ಹಾಗಾಗಿ ವೇಗವಾಗಿ ಎಳೆದಷ್ಟೂ ಸ್ನಾಯು ಜೋರಾಗಿ ತಿರುಗಿ ಎಳೆಯುತ್ತದೆ. ಅತ್ತಾಗ, ಹೆದರಿದಾಗ, ಅವಸರ ಮಾಡಿದಾಗ ಬಿಗಿ ಹೆಚ್ಚುತ್ತದೆ, ನಿದ್ದೆಯಲ್ಲಿ ಇಳಿಯುತ್ತದೆ.

ಎರಡನೆಯದು ಸ್ನಾಯು ನಿಜವಾಗಿಯೂ ಗಿಡ್ಡವಾಗಿರುವುದು. ಮಗು ಬೆಳೆಯುವಾಗ ಮೂಳೆ ಉದ್ದವಾಗುತ್ತಲೇ ಹೋಗುತ್ತದೆ. ಸ್ನಾಯು ಅದರ ಸಮಕ್ಕೆ ಬೆಳೆಯಬೇಕಾದರೆ ಓಡುತ್ತಾ, ಹತ್ತುತ್ತಾ, ಕುಕ್ಕರುಗಾಲಲ್ಲಿ ಕೂರುತ್ತಾ ದಿನವಿಡೀ ಹಿಗ್ಗುತ್ತಿರಬೇಕು. ಸದಾ ಮುದುಡಿಕೊಂಡೇ ಇರುವ ಸ್ನಾಯುವಿಗೆ ಆ ಅವಕಾಶ ಸಿಗುವುದಿಲ್ಲ, ಅದು ಮೂಳೆಗಿಂತ ಹಿಂದೆ ಬೀಳುತ್ತದೆ. ಈ ಗಿಡ್ಡತನ ನಿದ್ದೆಯಲ್ಲೂ ಹೋಗುವುದಿಲ್ಲ. ಮೆದುಳಿನ ಗಾಯ ವರ್ಷ ಕಳೆದಂತೆ ದೊಡ್ಡದಾಗುವುದಿಲ್ಲ, ಆದರೆ ಗಿಡ್ಡತನ ಹೆಚ್ಚುತ್ತಾ ಹೋಗಬಹುದು. ಮಗು ಸರಸರನೆ ಎತ್ತರ ಬೆಳೆಯುವ ತಿಂಗಳುಗಳಲ್ಲಿ ಇದು ಎದ್ದು ಕಾಣುತ್ತದೆ.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ ಹೇಳಬಹುದು. ಎಳೆಯುವುದರಿಂದ ಮೊದಲನೇ ಬಿಗಿ ಹೋಗುವುದಿಲ್ಲ, ಎಷ್ಟು ವರ್ಷ ಎಳೆದರೂ ಅಷ್ಟೆ. ಅದರ ಬೇರು ಮೆದುಳಿನಲ್ಲಿದೆ. ಸ್ಟ್ರೆಚಿಂಗ್ ಮತ್ತು ಸ್ಪ್ಲಿಂಟ್‌ನ ಕೆಲಸ ಎರಡನೆಯದರ ಮೇಲೆ. ಅಂದರೆ ಬೆಳೆಯುತ್ತಿರುವ ಕಾಲಿನಲ್ಲಿ ಸ್ನಾಯು ಇನ್ನಷ್ಟು ಹಿಂದೆ ಬೀಳದಂತೆ ನೋಡಿಕೊಳ್ಳುವುದು. ಬಿಗಿ ಹೋಗಲಿಲ್ಲ ಎಂಬ ಕಾರಣಕ್ಕೆ ನಿಮ್ಮ ಶ್ರಮ ವ್ಯರ್ಥವಾಯಿತು ಎಂದುಕೊಳ್ಳಬೇಡಿ. ಪಾದ ಎಷ್ಟು ದೂರ ಬರುತ್ತದೆ ಎಂಬುದು ವರ್ಷದಿಂದ ವರ್ಷಕ್ಕೆ ಹಾಗೇ ಉಳಿದಿದೆಯಾ ಎಂದು ನೋಡಿ, ಅಳತೆ ಅದೇ.

ಈ ಎರಡರಲ್ಲಿ ಯಾವುದು ಎಷ್ಟಿದೆ ಎಂದು ಫಿಸಿಯೋಥೆರಪಿಸ್ಟ್ ಕೈಯಿಂದಲೇ ಕಂಡುಹಿಡಿಯುತ್ತಾರೆ. ಮೊದಲು ಪಾದವನ್ನು ತುಂಬಾ ನಿಧಾನವಾಗಿ ಮೇಲಕ್ಕೆ ತಂದು ಎಲ್ಲಿ ನಿಲ್ಲುತ್ತದೆ ನೋಡುತ್ತಾರೆ. ಆಮೇಲೆ ಅದನ್ನೇ ಒಮ್ಮೆ ವೇಗವಾಗಿ ಮಾಡುತ್ತಾರೆ. ಆಗ ದಾರಿ ಮಧ್ಯದಲ್ಲಿ ಥಟ್ಟನೆ ಹಿಡಿದಂತಾಗುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಪಾದ ಕಾಲಿಗೆ 90 ಡಿಗ್ರಿಯಲ್ಲಿ ನಿಲ್ಲುವುದನ್ನು ಸೊನ್ನೆ ಎಂದು ಇಟ್ಟುಕೊಳ್ಳಿ. ಮಂಡಿ ನೆಟ್ಟಗಿರುವಾಗ ನಿಧಾನವಾಗಿ ತಂದರೆ ಪಾದ ಸೊನ್ನೆಗೆ 10 ಡಿಗ್ರಿ ಕಮ್ಮಿಯಲ್ಲಿ ನಿಂತಿತು, ವೇಗವಾಗಿ ತಂದರೆ 25 ಡಿಗ್ರಿ ಕಮ್ಮಿಯಲ್ಲೇ ಹಿಡಿಯಿತು ಎನ್ನೋಣ. ನಡುವಿನ 15 ಡಿಗ್ರಿ ಹೆಚ್ಚಾಗಿ ಮೆದುಳಿನ ಬಿಗಿಯ ಪಾಲು. ನಿಧಾನವಾಗಿ ತಂದರೂ ಸಿಗದ ಆ 10 ಡಿಗ್ರಿ ಗಿಡ್ಡತನದ ಪಾಲು. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಸುಮ್ನೆ ‘ಕಾಲು ಟೈಟ್ ಇದೆ’ ಎಂದು ಚೀಟಿಯಲ್ಲಿ ಬರೆದರೆ ಯಾವುದಕ್ಕೂ ದಾರಿ ಸಿಗುವುದಿಲ್ಲ.

ನೀವು ಗಮನಿಸಿದ ಮಂಡಿಯ ವಿಷಯ ಇನ್ನೂ ಮುಖ್ಯ. ಮೀನಖಂಡದಲ್ಲಿ ಎರಡು ದೊಡ್ಡ ಸ್ನಾಯುಗಳಿವೆ. ಎರಡೂ ಕೆಳಗೆ ಸೇರಿ ಒಂದೇ ದಪ್ಪ ಹುರಿಯಾಗಿ ಹಿಮ್ಮಡಿಗೆ ಅಂಟಿಕೊಂಡಿವೆ. ನಿಮ್ಮ ಸಂಬಂಧಿಕರು ‘ಹಿಮ್ಮಡಿ ನರ’ ಎನ್ನುವುದು ಈ ಹುರಿಯನ್ನೇ. ಮೇಲಿನ ಸ್ನಾಯು ಮಂಡಿಯನ್ನು ದಾಟಿ ತೊಡೆಮೂಳೆಯಿಂದ ಶುರುವಾಗುತ್ತದೆ, ಒಳಗಿನದು ಮಂಡಿಯ ಕೆಳಗಿನಿಂದ. ಮಂಡಿ ಮಡಚಿದರೆ ಮೇಲಿನದು ಸಡಿಲವಾಗುತ್ತದೆ, ಒಳಗಿನದಕ್ಕೆ ಏನೂ ವ್ಯತ್ಯಾಸವಾಗುವುದಿಲ್ಲ. ಮಡಚಿದಾಗ ಪಾದ ಸಲೀಸಾಗಿ ಮೇಲೆ ಬರುತ್ತದೆ ಎಂದರೆ ಒಳಗಿನ ಸ್ನಾಯುವಿನ ಉದ್ದ ಚೆನ್ನಾಗಿದೆ, ತಕರಾರು ಮೇಲಿನದರದ್ದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಪರೇಷನ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಸ್ಟ್ರೆಚಿಂಗ್ ಮಾಡುವಾಗ ನಾನು ಅತಿ ಹೆಚ್ಚು ನೋಡುವ ತಪ್ಪು ಪಾದದ ಮುಂಭಾಗವನ್ನು ಹಿಡಿದು ಮೇಲಕ್ಕೆ ತಳ್ಳುವುದು. ಪಾದ ಮೇಲೆ ಬಂದಂತೆ ಕಾಣುತ್ತದೆ, ಆದರೆ ಬಾಗಿರುವುದು ಪಾದದ ನಡುಭಾಗ. ಹಿಮ್ಮಡಿ ಇದ್ದಲ್ಲೇ ಇರುತ್ತದೆ. ವರ್ಷಗಟ್ಟಲೆ ಹೀಗೆ ಮಾಡಿದರೆ ನಡುಪಾದದ ಕೀಲುಗಳು ಸಡಿಲವಾಗಿ ಅಂಗಾಲು ಕೆಳಗೆ ಉಬ್ಬಿಕೊಳ್ಳುತ್ತದೆ, ಮೀನಖಂಡ ಮಾತ್ರ ಮೊದಲಿನಷ್ಟೇ ಗಿಡ್ಡವಾಗಿ ಉಳಿಯುತ್ತದೆ.

ಸರಿಯಾಗಿ ಮಾಡುವುದು ಹೀಗೆ. ಮಗುವನ್ನು ಅಂಗಾತ ಮಲಗಿಸಿ. ಅವನ ಹಿಮ್ಮಡಿಯನ್ನು ನಿಮ್ಮ ಅಂಗೈಯಲ್ಲಿ ತುಂಬಾ ಹಿಡಿದುಕೊಂಡು ಹಿಮ್ಮಡಿಯನ್ನು ಸ್ವಲ್ಪವೇ ಒಳಗಡೆಗೆ ತಿರುಗಿಸಿ. ಹಾಗೆ ಮಾಡಿದರೆ ನಡುಪಾದ ಗಟ್ಟಿಯಾಗಿ ನಿಲ್ಲುತ್ತದೆ. ಅವನ ಅಂಗಾಲು ನಿಮ್ಮ ಮುಂಗೈಗೆ ಒರಗಿರಲಿ. ಮೊದಲು ಮಂಡಿ ಮಡಚಿಯೇ ಪಾದವನ್ನು ಮೇಲಕ್ಕೆ ತನ್ನಿ, ಹಿಮ್ಮಡಿಯನ್ನು ಕೆಳಗೆ ಎಳೆದಂತೆ ಮಾಡಿ. ಅದೇ ಹಿಡಿತದಲ್ಲಿ ನಿಧಾನವಾಗಿ ಮಂಡಿಯನ್ನು ನೆಟ್ಟಗೆ ಮಾಡುತ್ತಾ ಬನ್ನಿ. ಎಲ್ಲಿ ಗಟ್ಟಿಯಾಗುತ್ತದೋ ಅಲ್ಲಿ ನಿಲ್ಲಿಸಿ, ಅರ್ಧ ನಿಮಿಷದಿಂದ ಒಂದು ನಿಮಿಷ ಹಿಡಿದಿರಿ. ಒಂದೊಂದು ಕಾಲಿಗೆ ನಾಲ್ಕೈದು ಸಲ ಸಾಕು. ಅವನು ಅಳುವಾಗ ಮಾಡಬೇಡಿ. ಅಳುವಾಗ ಸ್ನಾಯು ಇನ್ನೂ ಮುದುಡುತ್ತದೆ, ನೀವು ಎಳೆಯುವುದು ಬಿಗಿಯ ವಿರುದ್ಧವೇ ಹೊರತು ಗಿಡ್ಡತನದ ವಿರುದ್ಧ ಅಲ್ಲ. ಸ್ನಾನವಾದ ಮೇಲೆ, ಕಥೆ ಕೇಳುತ್ತಾ ಇರುವಾಗ ಒಳ್ಳೆಯ ಸಮಯ. ಎಣ್ಣೆ ಹಚ್ಚುವುದರಿಂದ ಮಗುವಿಗೆ ಹಾಯೆನಿಸಿದರೆ ಹಚ್ಚಿ, ಆದರೆ ಎಣ್ಣೆ ಸ್ನಾಯುವನ್ನು ಉದ್ದ ಮಾಡುವುದಿಲ್ಲ. ಸ್ಪ್ಲಿಂಟ್ ಹಾಕುವ ಮುಂಚೆ ಮಾತ್ರ ಕಾಲನ್ನು ತೊಳೆದು ಪೂರ್ತಿ ಒಣಗಿಸಿ.

ಇನ್ನೊಂದು ವಿಷಯ ಬಿಚ್ಚಿ ಹೇಳಬೇಕು. ಕೈಯಿಂದ ಹತ್ತು ನಿಮಿಷ ಎಳೆದರೆ ಸ್ನಾಯು ಉದ್ದವಾಗಿ ಉಳಿಯುವುದಿಲ್ಲ. 1988ರಲ್ಲಿ ಫ್ರಾನ್ಸ್‌ನ ಸಂಶೋಧಕರ ಒಂದು ತಂಡ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಮೀನಖಂಡದ ಒಳಗಿನ ಸ್ನಾಯು ದಿನಕ್ಕೆ ಎಷ್ಟು ಹೊತ್ತು ಹಿಗ್ಗಿರುತ್ತದೆ ಎಂದು ಅಳೆಯಿತು. ದಿನಕ್ಕೆ 6 ಗಂಟೆಯಾದರೂ ಹಿಗ್ಗಿದ್ದ ಮಕ್ಕಳಲ್ಲಿ ಗಿಡ್ಡತನ ಹೆಚ್ಚಲಿಲ್ಲ, 2 ಗಂಟೆಯಷ್ಟೇ ಹಿಗ್ಗಿದ್ದವರಲ್ಲಿ ಹೆಚ್ಚಿತು. ಅದು ಚಿಕ್ಕ ಅಧ್ಯಯನ, ಅಷ್ಟು ಗಂಟೆ ಎಂದು ಗಡಿಯಾರ ಹಿಡಿದು ಕೂರಬೇಕಾಗಿಲ್ಲ. ಆದರೆ ಬೇಕಾಗಿರುವುದು ನಿಮಿಷಗಳಲ್ಲ, ಗಂಟೆಗಳು ಎಂಬುದು ಅದರಿಂದ ಗೊತ್ತಾಗುತ್ತದೆ. ಆಮೇಲೆ ಬಂದ ದೊಡ್ಡ ಪರಿಶೀಲನೆಗಳೂ ಬರೀ ಸ್ಟ್ರೆಚಿಂಗ್‌ನಿಂದ ಆಗುವ ಲಾಭ ತುಂಬಾ ಕಮ್ಮಿ ಎಂದೇ ಹೇಳುತ್ತವೆ. ಹಾಗಾದರೆ ಮಾಡುವುದೇಕೆ? ಸ್ಪ್ಲಿಂಟ್ ಹಾಕಲು ಕಾಲನ್ನು ಅಣಿ ಮಾಡುವುದಕ್ಕೆ, ಪಾದ ಎಲ್ಲಿವರೆಗೆ ಬರುತ್ತದೆ ಎಂದು ನಿಮ್ಮ ಕೈಗೇ ಗೊತ್ತಾಗುತ್ತಿರುವುದಕ್ಕೆ. ಗಂಟೆಗಳ ಕೆಲಸ ಮಾಡುವುದು ಸ್ಪ್ಲಿಂಟ್ ಮತ್ತು ಹಿಮ್ಮಡಿ ಊರಿ ನಿಲ್ಲುವುದು. ದಿನಕ್ಕೆ ಒಂದು ಗಂಟೆ ಅವನನ್ನು ಅಳಿಸಿ ಎಳೆಯುತ್ತಿದ್ದರೆ ದಯವಿಟ್ಟು ಅದನ್ನು ಹತ್ತು ಹದಿನೈದು ನಿಮಿಷಕ್ಕೆ ಇಳಿಸಿ. ಉಳಿದ ಹೊತ್ತು ಆಟಕ್ಕಿರಲಿ.

ಈಗ ಸ್ಪ್ಲಿಂಟ್. ಮಂಡಿಯ ಕೆಳಗಿನಿಂದ ಪಾದದವರೆಗೆ ಬರುವ ಪ್ಲಾಸ್ಟಿಕ್‌ನದ್ದು, ಅಲ್ವಾ? ಆಸ್ಪತ್ರೆಯಲ್ಲಿ ಅದನ್ನು ಎಎಫ್‌ಒ ಎನ್ನುತ್ತಾರೆ. ಹಿಮ್ಮಡಿ ಒಳಗೇ ಏಳುತ್ತದೆ, ಚರ್ಮ ಕೆಂಪಾಗುತ್ತದೆ ಎಂದು ಬರೆದಿದ್ದೀರಿ. ನನ್ನ ಅಂದಾಜಿನಲ್ಲಿ ಮಗನ ತಪ್ಪೂ ಇಲ್ಲ, ನೀವು ಹಾಕುವ ರೀತಿಯ ತಪ್ಪೂ ಇಲ್ಲ. ಹೆಚ್ಚಿನ ಸ್ಪ್ಲಿಂಟ್‌ಗಳನ್ನು 90 ಡಿಗ್ರಿಗೆ ಮಾಡಿಬಿಡುತ್ತಾರೆ. ಆದರೆ ನಿಮ್ಮ ಮಗನ ಪಾದ ಮಂಡಿ ನೆಟ್ಟಗಿರುವಾಗ 90ಕ್ಕೆ ಬರುವುದೇ ಇಲ್ಲ. ಕೂತು ಮಂಡಿ ಮಡಚಿದಾಗ ಸ್ಪ್ಲಿಂಟ್ ಸಲೀಸಾಗಿ ಕೂರುತ್ತದೆ. ಎದ್ದು ನಿಂತ ಕೂಡಲೇ ಆ ಮೇಲಿನ ಸ್ನಾಯು ಎಳೆಯುತ್ತದೆ, ಹಿಮ್ಮಡಿ ಮೇಲೆ ಜಾರುತ್ತದೆ, ಪಾದ ಒಳಗೆ ತಿರುಚಿಕೊಂಡು ಪ್ಲಾಸ್ಟಿಕ್‌ಗೆ ಒತ್ತುತ್ತದೆ. ಇಲ್ಲವೇ ಮಗು ಮಂಡಿ ಬಗ್ಗಿಸಿಕೊಂಡು ನಡೆಯುತ್ತದೆ.

ಇದಕ್ಕೆ ಪರಿಹಾರ ಪಟ್ಟಿಯನ್ನು ಇನ್ನೂ ಬಿಗಿಯುವುದಲ್ಲ. ಕಾಲಿನ ಅಚ್ಚನ್ನು ಮಂಡಿ ನೆಟ್ಟಗಿಟ್ಟು, ಅವನ ಸ್ನಾಯು ಒಪ್ಪುವ ಕೋನದಲ್ಲೇ ಮತ್ತೆ ತೆಗೆಯಬೇಕು. 10 ಡಿಗ್ರಿ ಕಮ್ಮಿ ಇದ್ದರೆ ಸ್ಪ್ಲಿಂಟ್‌ನಲ್ಲೂ 10 ಡಿಗ್ರಿ ಕಮ್ಮಿ ಇರಲಿ. ಉಳಿಯುವ ಸಂದನ್ನು ಹಿಮ್ಮಡಿಯ ಕೆಳಗೆ ಗಟ್ಟಿ ರಬ್ಬರಿನ ಓರೆ ತುಂಡು ಇಟ್ಟು ತುಂಬುತ್ತಾರೆ. ಆಗ ಕಣಕಾಲಿನ ಕೋನ ಹಾಗೇ ಇದ್ದರೂ ಮಗು ನಿಂತಾಗ ಮೊಣಕಾಲ ಕೆಳಗಿನ ಮೂಳೆ ನೆಲಕ್ಕೆ ನೇರವಾಗಿ, ಒಂದಿಷ್ಟು ಮುಂದಕ್ಕೆ ವಾಲಿ ನಿಲ್ಲುತ್ತದೆ. ಹಿಮ್ಮಡಿಯ ಮೂಲಕ ಭಾರ ನೆಲಕ್ಕೆ ಇಳಿಯುತ್ತದೆ. ಸ್ನಾಯು ಉದ್ದವಾದಂತೆ ಆ ತುಂಡನ್ನು ತೆಳುವಾಗಿಸಬಹುದು. ಕಣಕಾಲಿನ ಮಡಿಕೆಯ ಮೇಲೆ ಓರೆಯಾಗಿ ಹಿಂದಕ್ಕೆ ಎಳೆಯುವ ವೆಲ್ಕ್ರೋ ಪಟ್ಟಿ ಇದೆಯಾ ನೋಡಿ. ಹಿಮ್ಮಡಿಯನ್ನು ಕೆಳಗೆ ಕೂರಿಸುವುದು ಅದೇ. ಹಾಕುವಾಗಲೂ ಮಂಡಿ ಮಡಚಿ, ಹಿಮ್ಮಡಿಯನ್ನು ಹಿಂದಕ್ಕೆ ಪೂರ್ತಿ ತಳ್ಳಿ, ಮೊದಲು ಆ ಪಟ್ಟಿಯನ್ನೇ ಕಟ್ಟಿ. ಮೀನಖಂಡದ ಪಟ್ಟಿ ಕೊನೆಗೆ.

ಕೆಂಪಾಗುವುದಕ್ಕೂ ಒಂದು ಲೆಕ್ಕ ಇದೆ. ಸ್ಪ್ಲಿಂಟ್ ತೆಗೆದ ಮೇಲೆ 20–30 ನಿಮಿಷದಲ್ಲಿ ಕೆಂಪು ಮಾಸಿದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚು ಉಳಿದರೆ, ಗುಳ್ಳೆ ಎದ್ದರೆ, ಕಣಕಾಲಿನ ಮೂಳೆಯ ಮೇಲೇ ಪ್ರತಿ ಸಲ ಬಂದರೆ ಹಾಕುವುದನ್ನು ನಿಲ್ಲಿಸಿ, ಮಾಡಿದವರ ಬಳಿಗೇ ತೆಗೆದುಕೊಂಡು ಹೋಗಿ. ಆ ಜಾಗದ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಹೊರಕ್ಕೆ ಉಬ್ಬಿಸಬಹುದು, ಸ್ವಲ್ಪ ಹೊತ್ತಿನ ಕೆಲಸ. ಬೆಳೆಯುವ ಮಗುವಿಗೆ ಸ್ಪ್ಲಿಂಟ್ ಬೇಗ ಚಿಕ್ಕದಾಗುತ್ತದೆ. ಬೆರಳುಗಳು ತುದಿ ದಾಟುತ್ತಿವೆಯಾ ಎಂದು ಆಗಾಗ ನೋಡುತ್ತಿರಿ.

ನಮ್ಮ ಮನೆಗಳಲ್ಲಿ ಒಂದು ತೊಡಕಿದೆ, ಅದನ್ನು ಆಸ್ಪತ್ರೆಯಲ್ಲಿ ಯಾರೂ ಕೇಳುವುದಿಲ್ಲ. ಒಳಗೆ ನಾವು ಚಪ್ಪಲಿ ಹಾಕುವುದಿಲ್ಲ. ಬರೀ ಸ್ಪ್ಲಿಂಟ್‌ನಲ್ಲಿ ಟೈಲ್ಸ್ ಮೇಲೆ ನಿಂತರೆ ಮಗು ಜಾರುತ್ತದೆ, ಹೆದರುತ್ತದೆ, ಹೆದರಿ ಇನ್ನೂ ಬಿಗಿಯಾಗುತ್ತದೆ. ಮನೆಯೊಳಗೆ ಮಾತ್ರ ಹಾಕುವ ಒಂದು ಜೊತೆ ಅಗಲವಾದ ಕ್ಯಾನ್ವಾಸ್ ಶೂ ಇಟ್ಟುಕೊಳ್ಳಿ. ಒಂದು ಸೈಜ್ ದೊಡ್ಡದಿರಲಿ, ಒಳಗಿನ ಅಟ್ಟೆ ತೆಗೆದುಬಿಡಿ. ಶೂ ಬೇಡವೆಂದರೆ ಸ್ಪ್ಲಿಂಟ್ ತಳಕ್ಕೇ ತೆಳು ರಬ್ಬರ್ ಅಂಟಿಸಿಕೊಡಲು ಹೇಳಿ.

ಹಗಲಿನ ಸ್ಪ್ಲಿಂಟ್‌ನ ಮುಖ್ಯ ಕೆಲಸ ನಡಿಗೆಗೆ ಗಟ್ಟಿ ತಳ ಕೊಡುವುದು. ಶಾಲೆಯಲ್ಲಿ, ನಡೆಯುವಾಗ, ನಿಂತು ಆಡುವಾಗ ಇರಲಿ. ನೆಲದ ಮೇಲೆ ಆಡುವ ಹೊತ್ತಿನಲ್ಲಿ ತೆಗೆದುಬಿಡಿ, ಪಾದಕ್ಕೂ ಕೆಲಸ ಬೇಕು. ರಾತ್ರಿ ಅದನ್ನೇ ಹಾಕಿ ಮಲಗಿಸಿದರೆ ಅವನಿಗೆ ಹೆಚ್ಚು ಉಪಯೋಗವಿಲ್ಲ. ಅವನು ಮಂಡಿ ಮಡಚಿ ಮಲಗುತ್ತಾನೆ, ಗಿಡ್ಡವಾಗಿರುವ ಆ ಮೇಲಿನ ಸ್ನಾಯು ಸಡಿಲವಾಗಿಯೇ ಇರುತ್ತದೆ. ಮಂಡಿಯನ್ನೂ ನೆಟ್ಟಗಿಡುವ ಬಟ್ಟೆಯ ಕವಚ ಜೊತೆಗೆ ಬೇಕು. ನಿದ್ದೆ ಕೆಡುವುದಾದರೆ ನಾನು ರಾತ್ರಿ ಬೇಡವೆಂದೇ ಹೇಳುತ್ತೇನೆ. ಸಂಜೆ ಎರಡನ್ನೂ ಹಾಕಿ, ಮೇಜಿಗೆ ಒರಗಿಸಿ ನಿಲ್ಲಿಸಿ, ಚಿತ್ರ ಬಿಡಿಸಲು ಕೊಡಿ. ಎಷ್ಟು ಹೊತ್ತು ಸಹಿಸುತ್ತಾನೋ ಅಷ್ಟರಿಂದ ಶುರು ಮಾಡಿ ಒಂದು ಗಂಟೆಯವರೆಗೆ ಒಯ್ಯಬಹುದು.

ಥೆರಪಿ ಎಂದರೆ ಎಳೆಯುವುದು ಎಂದೇ ತುಂಬಾ ಮನೆಗಳಲ್ಲಿ ತಿಳಿದಿದ್ದಾರೆ. ಆದರೆ ಈ ಬಿಗಿಯಾದ ಸ್ನಾಯುಗಳು ಒಳಗೆ ದುರ್ಬಲವಾಗಿವೆ. ಮಂಡಿ ನೆಟ್ಟಗೆ ಮಾಡುವ ತೊಡೆಯ ಸ್ನಾಯು, ಪೃಷ್ಠದ ಸ್ನಾಯು, ಮೀನಖಂಡ ಎಲ್ಲಕ್ಕೂ ಬಲ ಬೇಕು. ಹಾಗಾಗಿ ಥೆರಪಿಯ ದೊಡ್ಡ ಪಾಲು ಅವನೇ ಮಾಡುವ ಕೆಲಸವಾಗಿರಬೇಕು. ಚಿಕ್ಕ ಸ್ಟೂಲಿನಿಂದ ಹಿಮ್ಮಡಿ ಊರಿ ಎದ್ದು ನಿಲ್ಲುವುದು, ಮತ್ತೆ ನಿಧಾನವಾಗಿ ಕೂರುವುದು. ಒಂದು ಮೆಟ್ಟಿಲು ಹತ್ತಿ ಇಳಿಯುವುದು. ಮೂರು ಗಾಲಿಯ ಸೈಕಲ್. ಹತ್ತು ಸಲ ಸುಲಭವಾಗಿ ಎದ್ದರೆ ಸ್ಟೂಲ್ ಇನ್ನೂ ತಗ್ಗಾಗಬೇಕು, ಇಲ್ಲವೇ ಬೆನ್ನಿಗೆ ಪುಸ್ತಕದ ಚೀಲ ಬರಬೇಕು. ಕಷ್ಟ ಹೆಚ್ಚದಿದ್ದರೆ ಬಲ ಹೆಚ್ಚುವುದಿಲ್ಲ.

ಗುರಿಯನ್ನು ‘ಚೆನ್ನಾಗಿ ನಡೆಯಬೇಕು’ ಎಂದು ಇಡಬೇಡಿ. ‘ತರಗತಿಯಿಂದ ಶೌಚಾಲಯಕ್ಕೆ ವಾಕರ್‌ನಲ್ಲಿ ಒಬ್ಬನೇ ಹೋಗಿ ಬರಬೇಕು’ ಎಂದಿಡಿ. ಮೂರು ತಿಂಗಳಾದ ಮೇಲೆ ಆಯಿತಾ ಇಲ್ಲವಾ ಎಂದು ನೋಡಬಹುದು. ಇಂಥ ಮಕ್ಕಳ ಚಲನೆಯನ್ನು ಐದು ಹಂತಗಳಲ್ಲಿ ಗುರುತಿಸುತ್ತಾರೆ. ವಾಕರ್ ಹಿಡಿದು ನಡೆಯುವವರು ಸಾಮಾನ್ಯವಾಗಿ ಮೂರನೆಯ ಹಂತ. 5 ವರ್ಷದ ಹೊತ್ತಿಗೆ ಮಗು ಹೆಚ್ಚುಕಮ್ಮಿ ತನ್ನ ಹಂತದಲ್ಲಿ ನೆಲೆಯಾಗಿರುತ್ತದೆ. ಇದನ್ನು ಹೇಳುವುದು ನನಗೂ ಕಷ್ಟ, ಆದರೆ ಗೊತ್ತಿದ್ದರೆ ನಿಮಗೆ ಒಳ್ಳೆಯದು. ಮುಂದಿನ ವರ್ಷಗಳ ಕೆಲಸ ವಾಕರ್ ಬಿಡಿಸುವುದಕ್ಕಿಂತ ಹೆಚ್ಚಾಗಿ, ಕಡಿಮೆ ಸುಸ್ತಿನಲ್ಲಿ ಹೆಚ್ಚು ದೂರ ಹೋಗುವುದು ಮತ್ತು ಈಗ ಇರುವ ನಡಿಗೆಯನ್ನು ದೊಡ್ಡವನಾದ ಮೇಲೂ ಉಳಿಸಿಕೊಳ್ಳುವುದು.

ಅದಕ್ಕೇ ಆಪರೇಷನ್ ವಿಷಯದಲ್ಲಿ ನಾನು ಅವಸರ ಬೇಡ ಎನ್ನುವುದು. ‘ಹಿಮ್ಮಡಿ ನರ’ವನ್ನು ಉದ್ದ ಮಾಡಿದರೆ ಎರಡೂ ಸ್ನಾಯುಗಳು ಉದ್ದವಾಗುತ್ತವೆ, ಚೆನ್ನಾಗಿರುವ ಒಳಗಿನದು ಕೂಡ. ನಾವು ನಿಂತಾಗ ಮಂಡಿ ಮುಂದಕ್ಕೆ ಕುಸಿಯದಂತೆ ತಡೆಯುವುದು ಮುಖ್ಯವಾಗಿ ಆ ಒಳಗಿನ ಸ್ನಾಯುವೇ. ಎರಡೂ ಕಾಲಿಗೆ ತೊಂದರೆ ಇರುವ ಮಕ್ಕಳಲ್ಲಿ ಚಿಕ್ಕ ವಯಸ್ಸಿಗೆ ಬರೀ ಹಿಮ್ಮಡಿಯ ಹುರಿಯನ್ನು ಉದ್ದ ಮಾಡಿದರೆ ಮೊದಲ ವರ್ಷ ಪಾದ ಚಪ್ಪಟೆಯಾಗಿ ಊರುತ್ತದೆ, ಎಲ್ಲರಿಗೂ ಖುಷಿಯಾಗುತ್ತದೆ. ಮೈ ಭಾರ ಹೆಚ್ಚುವ ಹತ್ತು ಹನ್ನೆರಡರ ವಯಸ್ಸಿಗೆ ಮಂಡಿ ಬಗ್ಗಿಸಿ ಕುಸಿದು ನಡೆಯುವುದು ಶುರುವಾಗಬಹುದು. ತುದಿಗಾಲಿನ ನಡಿಗೆಗಿಂತ ಅದು ಹೆಚ್ಚು ಸುಸ್ತು, ಸರಿಪಡಿಸುವುದೂ ಹೆಚ್ಚು ಕಷ್ಟ.

ಮನೆಯಲ್ಲೇ ಒಂದು ಕೆಲಸ ಮಾಡಿ. ಅವನು ಬರಿಗಾಲಲ್ಲಿ ನಡೆಯುವಾಗ ಪಕ್ಕದಿಂದ, ಮಂಡಿಯ ಎತ್ತರದಲ್ಲಿ ಫೋನ್ ಹಿಡಿದು ವಿಡಿಯೋ ತೆಗೆಯಿರಿ. ನಿಧಾನವಾಗಿ ಓಡಿಸಿ ನೋಡಿ. ಮಂಡಿ ನೆಟ್ಟಗಿದ್ದು ಪಾದ ಕೆಳಗೆ ಬಾಗಿದ್ದರೆ ತೊಂದರೆ ಕಣಕಾಲಿನಲ್ಲಿ. ಮಂಡಿ, ಸೊಂಟ ಬಗ್ಗಿದ್ದು ಪಾದ ಕಾಲಿಗೆ 90 ಡಿಗ್ರಿಯಲ್ಲೇ ಇದ್ದರೆ, ಹಿಮ್ಮಡಿ ಎದ್ದಿರುವುದು ಮಂಡಿಯ ದೆಸೆಯಿಂದ. ಅಂಥ ಮಗುವಿನ ಹಿಮ್ಮಡಿ ಹುರಿಯನ್ನು ಮುಟ್ಟಲೇಬಾರದು. ಈ ವಿಡಿಯೋವನ್ನು ಡಾಕ್ಟರಿಗೆ ತೋರಿಸಿ.

ಈಗಿನ ವಯಸ್ಸಿಗೆ ನಡುವೆ ಬೇರೆ ಹೆಜ್ಜೆಗಳಿವೆ. ಥಟ್ಟನೆ ಹಿಡಿಯುವ ಬಿಗಿ ಜಾಸ್ತಿ ಇದ್ದರೆ ಮೀನಖಂಡಕ್ಕೆ ಸ್ನಾಯುವನ್ನು ಸಡಿಲಿಸುವ ಬೋಟಾಕ್ಸ್ ಇಂಜೆಕ್ಷನ್ ಕೊಡುತ್ತಾರೆ. ಅದರ ಗುಣ 3ರಿಂದ 6 ತಿಂಗಳು. ಗಿಡ್ಡತನಕ್ಕೆ ಮಂಡಿಯ ಕೆಳಗೆ ಪ್ಲಾಸ್ಟರ್ ಹಾಕಿ, ವಾರಕ್ಕೊಮ್ಮೆ ಬಿಚ್ಚಿ, ಪಾದವನ್ನು ಸ್ವಲ್ಪ ಮೇಲೆ ತಂದು ಮತ್ತೆ ಹಾಕುತ್ತಾರೆ. ಎರಡರಿಂದ ನಾಲ್ಕು ವಾರ, ಅದರಲ್ಲೇ ನಡೆಯಬಹುದು. ಹತ್ತು ಡಿಗ್ರಿಯಷ್ಟು ಕೊರತೆಗೆ ನಾನು ಮೊದಲು ಯೋಚಿಸುವುದು ಇದನ್ನೇ. ಸಿಕ್ಕ ಉದ್ದವನ್ನು ಹೊಸ ಅಳತೆಯ ಸ್ಪ್ಲಿಂಟ್‌ನಿಂದ ಹಿಡಿದಿಡಬೇಕು, ಇಲ್ಲದಿದ್ದರೆ ಕೆಲವು ತಿಂಗಳಲ್ಲಿ ಹೋಗುತ್ತದೆ. ಮುಂದೆ ಆಪರೇಷನ್ ಬೇಕಾದರೂ ಸಾಮಾನ್ಯವಾಗಿ ಏಳೆಂಟು ವರ್ಷ ದಾಟಿದ ಮೇಲೆ ಮಾಡುತ್ತಾರೆ. ನಡಿಗೆಯನ್ನು ಪೂರ್ತಿ ಪರೀಕ್ಷಿಸಿ, ಸೊಂಟ, ಮಂಡಿ, ಪಾದ ಎಲ್ಲದರದ್ದನ್ನೂ ಒಂದೇ ಸಲ ಮಾಡುತ್ತಾರೆ. ನಿಮ್ಮ ಮಗನಂಥ ಕಾಲಿನಲ್ಲಿ ಮೇಲಿನ ಸ್ನಾಯುವನ್ನಷ್ಟೇ ಸಡಿಲಿಸುವ ದಾರಿಯೂ ಇದೆ. ಆ ಮಾತನ್ನು ಡಾಕ್ಟರ ಬಳಿ ನೀವೇ ಎತ್ತಿ.

ಖರ್ಚಿನ ವಿಷಯವಾಗಿ: ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ನೋಡುವ ಡಿಇಐಸಿ ಕೇಂದ್ರದಲ್ಲಿ ಮಕ್ಕಳ ಫಿಸಿಯೋಥೆರಪಿ ಉಚಿತ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ಸೆರೆಬ್ರಲ್ ಪಾಲ್ಸಿ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಿದೆ, ಥೆರಪಿಯ ಖರ್ಚಿಗೂ ಅದರಲ್ಲಿ ಒಂದು ಪಾಲಿದೆ.

ನೀವು ಕೇಳದ ಒಂದು ವಿಷಯ ಉಳಿದಿದೆ. ಎಲ್ಲರ ಕಣ್ಣು ಹಿಮ್ಮಡಿಯ ಮೇಲಿರುವಾಗ ಸೊಂಟದ ಕೀಲು ಸದ್ದಿಲ್ಲದೆ ಜಾರುತ್ತಿರಬಹುದು. ಆಸ್ಟ್ರೇಲಿಯಾದ ಒಂದು ದೊಡ್ಡ ಅಧ್ಯಯನದಲ್ಲಿ ಮೂರನೆಯ ಹಂತದ ಮಕ್ಕಳಲ್ಲಿ ಸುಮಾರು 40% ಮಂದಿಗೆ ತೊಡೆಮೂಳೆಯ ಗುಂಡು ತನ್ನ ಗುಳಿಯಿಂದ ಹೊರಕ್ಕೆ ಸರಿದಿತ್ತು. ಶುರುವಿನಲ್ಲಿ ನೋವಿರುವುದಿಲ್ಲ, ನಡಿಗೆಯಲ್ಲೂ ಗೊತ್ತಾಗುವುದಿಲ್ಲ, ಎಕ್ಸ್‌ರೇಯಲ್ಲಿ ಮಾತ್ರ ಕಾಣುತ್ತದೆ. ಬೇಗ ಸಿಕ್ಕರೆ ಚಿಕ್ಕ ಚಿಕಿತ್ಸೆ ಸಾಕಾಗಬಹುದು. ಕಳೆದ ಒಂದು ವರ್ಷದಲ್ಲಿ ಸೊಂಟದ ಎಕ್ಸ್‌ರೇ ಆಗಿಲ್ಲದಿದ್ದರೆ, ಮುಂದಿನ ಭೇಟಿಯಲ್ಲಿ ಸ್ಪ್ಲಿಂಟ್‌ನ ಮಾತಿಗಿಂತ ಮೊದಲು ಅದನ್ನು ಕೇಳಿ ಮಾಡಿಸಿ. ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ, ಅವರು ಹೇಳಿದಂತೆ.